ವೂಫರ್ ಮರೆತಿದೆಯೋ, ಕೇಳಿಸಿಕೊಳ್ಳುತ್ತಿಲ್ಲವೋ?

ವೈರ್‌ಲೆಸ್ ಸಬ್‌ವೂಫರ್‌ನಲ್ಲಿ ನಾವು ನೋಡಲೇಬೇಕಾದ ಒಂದು ದೀಪವಿದೆ. ಕಂಪನಿಯವರು ಅದನ್ನು ಬಹುಪಾಲು ಮಾದರಿಗಳಲ್ಲಿ ಯಾರ ಕಣ್ಣಿಗೂ ಬೀಳದ ಕಡೆ ಇಟ್ಟಿರುತ್ತಾರೆ. ಪೆಟ್ಟಿಗೆಯ ಬೆನ್ನಿನಲ್ಲಿ, ಕರೆಂಟಿನ ವೈರ್ ಒಳಹೋಗುವ ತೂತಿನ ಆಸುಪಾಸು, ಗೋಡೆಗೆ ಮುಖಮಾಡಿಕೊಂಡು ಅದು ಉರಿಯುತ್ತಿರುತ್ತದೆ. ಅದನ್ನು ನೋಡಬೇಕೆಂದರೆ ನೆಲದ ಮೇಲೆ ಮಲಗಿ, ಸೋಫಾ ಸಂದಿಯಲ್ಲಿ ಮೊಬೈಲ್ ತೂರಿಸಬೇಕು. ಹಾಗಾಗಿ ಸಿನಿಮಾದ ಮಧ್ಯೆ ದಿಢೀರನೆ ಬೇಸ್ ಸತ್ತುಹೋದಾಗ ಯಾರೂ ಆ ದೀಪದ ತಂಟೆಗೆ ಹೋಗುವುದಿಲ್ಲ. ಮೊದಲು ರಿಮೋಟಿನಲ್ಲಿ ವಾಲ್ಯೂಮ್ ಏರಿಸುತ್ತಾರೆ, ಆಮೇಲೆ ಯೂಟ್ಯೂಬ್ ನೋಡಿಕೊಂಡು ಮತ್ತೆ ಪೇರಿಂಗ್ ಮಾಡುತ್ತಾರೆ. ವೂಫರ್ ಗುಡುಗುತ್ತದೆ. ಮಾರನೇ ದಿನ ಮತ್ತೆ ಮೌನ. ನಾಲ್ಕು ದಿನ ಹೀಗೇ ಆದ ಮೇಲೆ ‘ಈ ಪೀಸೇ ಸರಿಯಿಲ್ಲ’ ಎಂದು ಸರ್ವಿಸ್ ಸೆಂಟರಿಗೆ ಫೋನ್ ಹೋಗುತ್ತದೆ.

ಪೇರಿಂಗ್ ಒಂದು ಕಾಯಿಲೆಗೆ ಮಾತ್ರ ಮದ್ದು. ಬಾರ್ ಮತ್ತು ವೂಫರ್ ಪರಸ್ಪರ ಗುರುತು ಕಳೆದುಕೊಂಡಿದ್ದರೆ ಅದು ಕೆಲಸ ಮಾಡುತ್ತದೆ. ಗುರುತು ಸರಿಯಾಗಿಯೇ ಇದ್ದು, ಒಂದರ ಮಾತು ಇನ್ನೊಂದಕ್ಕೆ ಕೇಳಿಸದೇ ಹೋಗುತ್ತಿದ್ದರೆ ಎಷ್ಟು ಸಲ ಪೇರಿಂಗ್ ಮಾಡಿದರೂ ಅಷ್ಟೇ. ಆಗ ಅದು ಕೆಲಸ ಮಾಡಿದಂತೆ ಕಾಣುವುದೇ ದೊಡ್ಡ ಮೋಸ. ಪೇರಿಂಗ್ ಮಾಡುವಾಗ ನಾವು ಎರಡನ್ನೂ ಆಫ್ ಮಾಡಿ ಆನ್ ಮಾಡುತ್ತೇವೆ, ವೂಫರನ್ನು ಈಚೆಗೆ ಎಳೆಯುತ್ತೇವೆ, ಬಾರ್ ಬೇರೊಂದು ಚಾನಲ್ ಹಿಡಿದುಕೊಳ್ಳುತ್ತದೆ. ಗುಣವಾಗಿದ್ದು ಅದರಿಂದ, ಹೆಸರು ಬಂದಿದ್ದು ಪೇರಿಂಗಿಗೆ.

ಇವೆರಡರ ನಡುವೆ ನಡೆಯುವುದೇನು ಎಂದು ಸ್ವಲ್ಪ ನೋಡೋಣ. ವೈರ್‌ಲೆಸ್ ಎಂದರೆ ಇಲ್ಲಿ ಸದ್ದಿನ ತಂತಿ ಇಲ್ಲ ಎಂದಷ್ಟೇ ಅರ್ಥ, ಕರೆಂಟಿನ ವೈರ್ ಇದ್ದೇ ಇರುತ್ತದೆ. ಬಾರ್ ಒಳಗೊಂದು ಪುಟ್ಟ ರೇಡಿಯೋ ಇದೆ, ವೂಫರ್ ಒಳಗೆ ಇನ್ನೊಂದು. ಮೊದಲನೆಯದು ಕಳಿಸುತ್ತದೆ, ಎರಡನೆಯದು ಕೇಳುತ್ತದೆ. ಇದು ನಮ್ಮ ಫೋನಿನ ಬ್ಲೂಟೂತ್ ಎಂದು ತುಂಬ ಜನ ತಿಳಿದಿದ್ದಾರೆ, ಫೋನಿನ ಪಟ್ಟಿಯಲ್ಲಿ ವೂಫರ್‌ನ ಹೆಸರು ಹುಡುಕುತ್ತಾರೆ. ಸಾಮಾನ್ಯವಾಗಿ ಅದು ಅಲ್ಲಿ ಸಿಗುವುದಿಲ್ಲ. ಹೆಚ್ಚಿನ ಕಂಪನಿಗಳು ತಮ್ಮದೇ ಖಾಸಗಿ ಭಾಷೆಯಲ್ಲಿ, 2.4 ಗಿಗಾಹರ್ಟ್ಜ್ ಅಥವಾ 5 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಈ ಸಂಪರ್ಕ ಇಟ್ಟುಕೊಳ್ಳುತ್ತವೆ. ಇವೆರಡೂ ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ ಪಟ್ಟಿಗಳು. ಅಂದರೆ ಮನೆಯ ವೈಫೈ, ಪಕ್ಕದ ಮನೆಯ ವೈಫೈ, ಅಡುಗೆಮನೆಯ ಮೈಕ್ರೋವೇವ್ ಎಲ್ಲವೂ ಅಲ್ಲೇ ಓಡಾಡುತ್ತಿರುತ್ತವೆ.

ಅದೇ ವೈಫೈನಲ್ಲಿ ಮೂರು ಗಂಟೆಯ ಸಿನಿಮಾ ತಡೆಯಿಲ್ಲದೆ ಬರುವಾಗ ವೂಫರ್ ಮಾತ್ರ ಯಾಕೆ ತೊದಲುತ್ತದೆ? ಕಾರಣ ಸಮಯ. ಸಿನಿಮಾ ನೋಡುವಾಗ ಟಿವಿ ಹಲವು ಸೆಕೆಂಡುಗಳ ಚಿತ್ರವನ್ನು ಮುಂಚೆಯೇ ತರಿಸಿ ಇಟ್ಟುಕೊಂಡಿರುತ್ತದೆ. ಮಾಳಿಗೆ ಮೇಲಿನ ಸಿಂಟೆಕ್ಸ್ ತುಂಬಿದ್ದರೆ ಕಾರ್ಪೊರೇಷನ್ ನೀರು ಸ್ವಲ್ಪ ಹೊತ್ತು ನಿಂತರೂ ಗೊತ್ತಾಗದ ಹಾಗೆ. ವೂಫರಿಗೆ ಆ ಸೌಲಭ್ಯವಿಲ್ಲ. ತೆರೆಯ ಮೇಲೆ ಬಾಗಿಲು ಬಡಿದಾಗಲೇ ‘ಧಡ್’ ಎನ್ನಬೇಕು, ಅರ್ಧ ಸೆಕೆಂಡ್ ತಡವಾದರೂ ನಗೆಪಾಟಲು. ಹಾಗಾಗಿ ಅದು ಕೂಡಿಟ್ಟುಕೊಳ್ಳುವುದು ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನಷ್ಟು ಸದ್ದನ್ನು ಮಾತ್ರ. ದಾರಿಯಲ್ಲಿ ಏನಾದರೂ ಕಳೆದುಹೋದರೆ ‘ಇನ್ನೊಮ್ಮೆ ಹೇಳು’ ಎಂದು ಮತ್ತೆ ಮತ್ತೆ ಕೇಳುತ್ತಾ ಕೂರುವಷ್ಟು ಪುರುಸೊತ್ತು ಅದಕ್ಕಿಲ್ಲ. ಸ್ವಲ್ಪ ಕಳೆದುಹೋದರೆ ಒಂದು ಕ್ಷಣ ಮೌನ, ಜಾಸ್ತಿ ಕಳೆದುಹೋದರೆ ಸಂಪರ್ಕವೇ ಕಡಿದು ಮತ್ತೆ ಹುಡುಕಾಟ.

ಇನ್ನೊಂದು ತಮಾಷೆಯೂ ಇದೆ. ನೂರು ಹರ್ಟ್ಜ್‌ನ ಬೇಸ್ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ಅಷ್ಟು ಉದ್ದದ ಅಲೆ ಯಾವ ದಿಕ್ಕಿನಿಂದ ಬಂತೆಂದು ನಮ್ಮ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ವೂಫರನ್ನು ಎಲ್ಲಿ ಬೇಕಾದರೂ ಇಡಿ ಎಂದು ಅಂಗಡಿಯವರು ಹೇಳುವುದು ಇದೇ ಧೈರ್ಯದ ಮೇಲೆ. ಆದರೆ ಆ ಸದ್ದನ್ನು ಹೊತ್ತು ತರುವ 5.8 ಗಿಗಾಹರ್ಟ್ಜ್ ರೇಡಿಯೋ ಅಲೆ ಐದು ಸೆಂಟಿಮೀಟರ್ ಚಿಲ್ಲರೆ. ಸ್ಟೀಲ್ ಬೀರು ಅದನ್ನು ತಡೆಯುತ್ತದೆ. ನೀರು ಅದನ್ನು ಹೀರುತ್ತದೆ, ಅದು ಅಕ್ವೇರಿಯಂ ಆಗಿರಲಿ, ಸೋಫಾ ಮೇಲೆ ಸಾಲಾಗಿ ಕೂತ ನಾಲ್ಕು ಜನರಾಗಿರಲಿ. ಗೋಡೆಗೆ ಬಡಿದು ಬಂದ ಅಲೆ ನೇರವಾಗಿ ಬಂದ ಅಲೆಯನ್ನು ಒಂದು ಜಾಗದಲ್ಲಿ ಅಳಿಸಿಹಾಕಿ, ಗೇಣಿನಾಚೆ ಬಲಪಡಿಸುವುದೂ ಉಂಟು. ವೂಫರನ್ನು ಅರ್ಧ ಅಡಿ ಸರಿಸಿದ್ದಕ್ಕೇ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬಹುದು.

ಈಗ ಆ ದೀಪಕ್ಕೆ ಬರೋಣ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಸ್ಯಾಮ್‌ಸಂಗ್‌ನಲ್ಲಿ ನೀಲಿ, ಎಲ್‌ಜಿಯಲ್ಲಿ ಹಸಿರು. ಅರ್ಥ ಮಾತ್ರ ಹೆಚ್ಚುಕಡಿಮೆ ಒಂದೇ. ಸ್ಥಿರವಾಗಿ ಉರಿಯುತ್ತಿದ್ದರೆ ಸಂಪರ್ಕ ಇದೆ. ಮಿಟುಕುತ್ತಿದ್ದರೆ ಹುಡುಕುತ್ತಿದೆ. ಕೆಂಪಗೆ ನಿಂತಿದ್ದರೆ ಬಾರ್ ಆಫ್ ಆಗಿದೆ, ಇಲ್ಲವೇ ಹುಡುಕಿ ಸಾಕಾಗಿ ಮಲಗಿದೆ. ದೀಪವೇ ಇಲ್ಲದಿದ್ದರೆ ಕರೆಂಟ್ ಇಲ್ಲ. ಸದ್ದು ಹೋದ ಆ ಗಳಿಗೆಯಲ್ಲಿ ದೀಪ ಏನು ಮಾಡುತ್ತಿತ್ತು ಎನ್ನುವುದು ಗೊತ್ತಾದರೆ ಅರ್ಧ ರಿಪೇರಿ ಆದಂತೆ. ಇದಕ್ಕೆ ಮಲಗಿ ಕಾಯಬೇಕಿಲ್ಲ. ಒಂದು ಮೊಬೈಲನ್ನು ವೂಫರ್ ಹಿಂದೆ ಒರಗಿಸಿ ವಿಡಿಯೋ ರೆಕಾರ್ಡಿಂಗ್ ಹಾಕಿ, ಸಿನಿಮಾ ನೋಡುತ್ತಾ ಕೂತರೆ ಸಾಕು. ದೀಪವೂ ದಾಖಲಾಗುತ್ತದೆ, ಸದ್ದು ಹೋದ ಕ್ಷಣವೂ ಅದರಲ್ಲೇ ಕೇಳಿಸುತ್ತದೆ.

ಹಾಸನದಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಹೀಗೇ ಆಯಿತು. ಫೋನಿನಲ್ಲಿ ಅವರ ದೂರು: “ಸಂಜೆ ಆದ್ರೆ ಸಾಕು ಮಾರಾಯ, ವೂಫರ್ ಸತ್ತೇ ಹೋಗತ್ತೆ. ಬೆಳಿಗ್ಗೆ ಭಜನೆ ಹಾಕಿದ್ರೆ ಮೃದಂಗ ಎದೆಗೇ ಬಡಿಯತ್ತೆ.”

“ಸದ್ದು ಹೋದಾಗ ಹಿಂದಿನ ದೀಪ ಹೇಗಿರತ್ತೆ ಮಾವ?”

“ಯಾವ ದೀಪ?”

ಪೇರಿಂಗನ್ನು ಅವರಾಗಲೇ ಹಲವು ಸಲ ಮಾಡಿ ಮುಗಿಸಿದ್ದರು. ಮಾಡಿದ ಮೇಲೆ ಒಂದಷ್ಟು ಹೊತ್ತು ಸರಿಯಿದ್ದು ಮತ್ತೆ ಅದೇ ಕತೆ. ಗುರುತು ಕಳೆದುಕೊಂಡ ವೂಫರ್ ಸಂಜೆಯ ಹೊತ್ತಿಗೆ ಮಾತ್ರ ಕಳೆದುಕೊಳ್ಳುವುದಿಲ್ಲ, ಬೆಳಿಗ್ಗೆ ತಾನಾಗಿಯೇ ನೆನಪಿಸಿಕೊಳ್ಳುವುದೂ ಇಲ್ಲ. ಹಾಗಾಗಿ ಪೇರಿಂಗಿನ ದಾರಿ ಅಲ್ಲಿಗೇ ಮುಚ್ಚಿತು. ವಿಡಿಯೋ ಇಟ್ಟು ನೋಡಿದರೆ, ಸದ್ದು ಹೋದಾಗಲೆಲ್ಲ ನೀಲಿ ದೀಪ ಕೆಲವು ಸೆಕೆಂಡ್ ಮಿಟುಕಿ ಮತ್ತೆ ಸ್ಥಿರವಾಗುತ್ತಿತ್ತು. ಒಮ್ಮೆಯೂ ಪೂರ್ತಿ ಆರಲಿಲ್ಲ. ಅಂದರೆ ಕರೆಂಟಿನ ತೊಂದರೆಯೂ ಅಲ್ಲ, ರೇಡಿಯೋ ಸಂಪರ್ಕವೇ ತುಂಡಾಗುತ್ತಿದೆ.

ಸಂಜೆಗೂ ಬೆಳಿಗ್ಗೆಗೂ ಆ ಮನೆಯಲ್ಲಿ ಏನು ವ್ಯತ್ಯಾಸ? ಮಕ್ಕಳು ಕಾಲೇಜಿನಿಂದ ಬಂದು ಇಬ್ಬರೂ ಇಂಟರ್ನೆಟ್ಟಿಗೆ ಕೂರುತ್ತಾರೆ. ಫೈಬರ್ ಕನೆಕ್ಷನ್ ಹಾಕಿದ ಹುಡುಗ ರೂಟರನ್ನು ಟಿವಿ ಸ್ಟ್ಯಾಂಡಿನ ಮೇಲೆ, ಸೌಂಡ್‌ಬಾರಿಗೆ ಒಂದು ಗೇಣು ದೂರದಲ್ಲಿ ಕೂರಿಸಿ ಹೋಗಿದ್ದ. ವೈರ್ ಅಲ್ಲಿಗೇ ಬಂದಿತ್ತು, ಅವನಿಗದು ಅನುಕೂಲ. ಪರೀಕ್ಷೆ ಮಾಡುವುದು ಸುಲಭವಿತ್ತು. ಒಂದು ಸಂಜೆ ಪೆನ್‌ಡ್ರೈವ್‌ನಲ್ಲಿದ್ದ ಸಿನಿಮಾ ಹಾಕಿ, ರೂಟರಿನ ಸ್ವಿಚ್ ಆರಿಸಿ ಅರ್ಧ ಗಂಟೆ ನೋಡಲು ಹೇಳಿದೆ. ಮಕ್ಕಳು ಗೊಣಗಿದರು, ವೂಫರ್ ಒಮ್ಮೆಯೂ ನಿಲ್ಲಲಿಲ್ಲ. ರೂಟರ್ ಹಾಕಿದರೆ ಮತ್ತೆ ತೊದಲು.

ಅವರ ಬಾರ್‌ನ ಕೈಪಿಡಿಯ ಕೊನೆಯ ಪುಟಗಳಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ವೈರ್‌ಲೆಸ್ ಸ್ಪೀಕರಿನ ರೇಡಿಯೋ 5725ರಿಂದ 5825 ಮೆಗಾಹರ್ಟ್ಜ್ ನಡುವೆ ಎಂದು ಬರೆದಿತ್ತು. ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿದ್ದ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ ಒಳಹೊಕ್ಕು ನೋಡಿದರೆ, 5 ಗಿಗಾಹರ್ಟ್ಜ್ ವೈಫೈ 149ನೇ ಚಾನಲ್‌ನಲ್ಲಿ, 80 ಮೆಗಾಹರ್ಟ್ಜ್ ಅಗಲದಲ್ಲಿ ಕೂತಿತ್ತು. ಆ ಅಗಲದ ವೈಫೈ 5735ರಿಂದ 5815ರವರೆಗೂ ಹರಡಿಕೊಳ್ಳುತ್ತದೆ. ವೂಫರಿಗೆಂದು ಇದ್ದ ನೂರು ಮೆಗಾಹರ್ಟ್ಜ್‌ನಲ್ಲಿ ಎಂಬತ್ತನ್ನು ಪಕ್ಕದಲ್ಲೇ ಕೂತ ರೂಟರ್ ತುಂಬಿಬಿಟ್ಟಿತ್ತು. ಬೆಳಿಗ್ಗೆ ಮನೆಯಲ್ಲಿ ಯಾರೂ ನೆಟ್ ಬಳಸದಿದ್ದಾಗ ರೂಟರ್ ಹೆಚ್ಚಾಗಿ ಸುಮ್ಮನಿರುತ್ತದೆ, ವೂಫರ್ ಹೇಗೋ ಸಂದಿಯಲ್ಲಿ ನುಸುಳಿಕೊಳ್ಳುತ್ತಿತ್ತು. ಸಂಜೆ ಎಲ್ಲರೂ ಕೂತಾಗ ಆ ಸಂದಿಯೂ ಇರಲಿಲ್ಲ.

ಚಾನಲನ್ನು Autoನಿಂದ 36ಕ್ಕೆ ಬದಲಿಸಿದೆವು. ಆಗ ವೈಫೈ 5170ರಿಂದ 5250ರ ನಡುವೆ ಹೋಗಿ ಕೂರುತ್ತದೆ, ವೂಫರಿನ ದಾರಿಗೆ ಅಡ್ಡ ಬರುವುದಿಲ್ಲ. ಉದ್ದದ ವೈರ್ ತಂದು ರೂಟರನ್ನು ಬಾಗಿಲ ಕಡೆಗೂ ಸಾಗಿಸಿದರು. ಎರಡರಲ್ಲಿ ಒಂದನ್ನಷ್ಟೇ ಮಾಡಿದ್ದರೂ ಬಹುಶಃ ಸಾಕಾಗುತ್ತಿತ್ತು. ತೊದಲು ನಿಂತಿತು, ಆಮೇಲೆ ಯಾರೂ ಪೇರಿಂಗ್ ಮಾಡಲಿಲ್ಲ. Autoದಲ್ಲೇ ಬಿಟ್ಟರೆ ರೂಟರ್ ಪ್ರತಿ ಸಲ ಆನ್ ಆದಾಗಲೂ ಬೇರೆ ಚಾನಲ್ ಆರಿಸಿಕೊಳ್ಳಬಹುದು. ‘ಕರೆಂಟ್ ಹೋಗಿ ಬಂದ ಮೇಲೆ ಸರಿಯಾಯ್ತು’, ‘ಕರೆಂಟ್ ಹೋಗಿ ಬಂದ ಮೇಲೆ ಕೆಟ್ಟಿತು’ ಎಂಬ ಎರಡೂ ದೂರು ಒಂದೇ ಮನೆಯಿಂದ ಬರುವುದು ಹೀಗೆ.

ನಿಮ್ಮ ಬಾರ್ 2.4 ಗಿಗಾಹರ್ಟ್ಜ್‌ನದಾಗಿದ್ದರೆ ಅನುಮಾನಿಸಬೇಕಾದವರು ಬೇರೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45ರ ಸುಮಾರಿನಲ್ಲಿ, ಪಾಪ್‌ಕಾರ್ನ್ ಸಿಡಿಯುವ ಮೂರು ನಿಮಿಷ ಮಾತ್ರ ವೂಫರ್ ಸತ್ತರೆ ಅದೇ ಕಾರಣ. ಟಿವಿಯ ಹಿಂದೆ ಚುಚ್ಚಿದ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಕೂಡ ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿದೆ. ಅಂಥ ಡಿಸ್ಕನ್ನು ಉದ್ದ ಕೇಬಲ್ ಹಾಕಿ ಬಾರ್‌ನಿಂದ ದೂರ ಇಡಬೇಕು.

ದೀಪ ಮಿಟುಕದೆ ನೇರವಾಗಿ ಆರಿಹೋಗುತ್ತಿದ್ದರೆ ರೇಡಿಯೋ ತನಿಖೆ ಬಿಟ್ಟು ಸ್ವಿಚ್‌ಬೋರ್ಡ್ ಕಡೆ ನೋಡಿ. ನಮ್ಮ ಮನೆಗಳಲ್ಲಿ ಇದೊಂದು ವಿಶೇಷ. ಟಿವಿ ಇರುವ ಬೋರ್ಡು ಯುಪಿಎಸ್ ಲೈನಿನಲ್ಲಿರುತ್ತದೆ, ವೂಫರನ್ನು ಮೂಲೆಯ ಪ್ಲಗ್ಗಿಗೆ ಹಾಕಿರುತ್ತಾರೆ, ಆ ಮೂಲೆಗೆ ಯುಪಿಎಸ್ ಇಲ್ಲ. ಕರೆಂಟ್ ಹೋದಾಗ ಟಿವಿ, ಬಾರ್ ಎರಡೂ ಏನೂ ಆಗದವರಂತೆ ಮುಂದುವರಿಯುತ್ತವೆ, ಬೇಸ್ ಮಾತ್ರ ಮಾಯ. ಫ್ಯಾನೂ ತಿರುಗುತ್ತಿರುವುದರಿಂದ ಕರೆಂಟ್ ಹೋಗಿದ್ದೇ ಯಾರಿಗೂ ತಿಳಿದಿರುವುದಿಲ್ಲ. ಸಂಪಿನ ಮೋಟರ್ ಹಾಕಿದ ಕೂಡಲೇ ದೀಪ ಆರಿ ಹತ್ತಿದರೆ ವೋಲ್ಟೇಜ್ ಬಿದ್ದು ವೂಫರ್ ರೀಸ್ಟಾರ್ಟ್ ಆಗುತ್ತಿದೆ ಎಂದು ತಿಳಿಯಬಹುದು. ಸಡಿಲವಾದ ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ಇದನ್ನೇ ಮಾಡುತ್ತದೆ. ಅಲ್ಲಿ ವೂಫರಿನದೇ ಅದುರುವಿಕೆ ಪ್ಲಗ್ಗನ್ನು ಕದಲಿಸುವುದೂ ಸಾಧ್ಯ.

ಹಾಗಾದರೆ ನಿಜಕ್ಕೂ ಪೇರಿಂಗ್ ಬೇಕಾಗುವುದು ಯಾವಾಗ? ಕಾರ್ಖಾನೆಯಿಂದ ಬರುವಾಗಲೇ ಬಾರ್ ಮತ್ತು ವೂಫರನ್ನು ಜೋಡಿ ಮಾಡಿ ಕಳಿಸಿರುತ್ತಾರೆ. ಪ್ರತಿ ರೇಡಿಯೋಗೂ ಒಂದು ಗುರುತಿನ ಸಂಖ್ಯೆ ಇದೆ. ಪೇರಿಂಗ್ ಎಂದರೆ ಬಾರ್‌ನ ಸಂಖ್ಯೆ ವೂಫರಿನ ಸ್ಮರಣೆಯಲ್ಲಿ, ವೂಫರಿನದು ಬಾರ್‌ನಲ್ಲಿ ಬರೆದುಕೊಳ್ಳುವುದು. ಕರೆಂಟ್ ಹೋದರೂ ಅಳಿಯದ ಚಿಪ್‌ನಲ್ಲಿ ಅದು ಉಳಿಯುತ್ತದೆ. ಆಮೇಲೆ ವೂಫರ್ ಆ ಒಂದು ಸಂಖ್ಯೆಯ ಬಾರ್‌ನ ಮಾತನ್ನು ಮಾತ್ರ ಕೇಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರೂ ಅದೇ ಮಾದರಿ ಕೊಂಡಿದ್ದರೂ ಅವರ ಸಿನಿಮಾದ ಗುಡುಗು ನಿಮ್ಮ ಮನೆಯಲ್ಲಿ ಮೊಳಗದಿರುವುದು ಇದರಿಂದಲೇ. ಬಾರ್‌ಗೆ ಫ್ಯಾಕ್ಟರಿ ರೀಸೆಟ್ ಕೊಟ್ಟಾಗ, ಸರ್ವಿಸ್‌ನಲ್ಲಿ ಬೋರ್ಡ್ ಬದಲಿಸಿದಾಗ, ಒಂದು ಪೆಟ್ಟಿಗೆ ಹಾಳಾಗಿ ಬೇರೆ ಬಂದಾಗ, ಅಪರೂಪಕ್ಕೆ ಸಾಫ್ಟ್‌ವೇರ್ ಅಪ್‌ಡೇಟ್ ಎಡವಿದಾಗ ಈ ಸಂಖ್ಯೆಗಳು ತಾಳೆಯಾಗುವುದಿಲ್ಲ. ಆಗ ವೂಫರಿನ ದೀಪ ಗಂಟೆಗಟ್ಟಲೆ ಮಿಟುಕುತ್ತದೆ ಅಥವಾ ಕೆಂಪಗೆ ಕೂರುತ್ತದೆ; ಬಾರ್ ಪಕ್ಕದಲ್ಲೇ ತಂದಿಟ್ಟರೂ, ಯಾವ ಹೊತ್ತಿನಲ್ಲೂ, ಒಂದು ಕ್ಷಣವೂ ಸ್ಥಿರವಾಗುವುದಿಲ್ಲ. ಈ ಪಟ್ಟು ಬಿಡದ ಮೌನವೇ ಮರೆವಿನ ಲಕ್ಷಣ. ಬಂದು ಹೋಗುವ ಸದ್ದು ಮರೆವಿನದಲ್ಲ.

ಪೇರಿಂಗಿಗೆ ಕೈಹಾಕುವ ಮೊದಲು ಒಂದು ಕೆಲಸ ಮಾಡಿ ನೋಡುವುದು ಒಳ್ಳೆಯದು. ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಎರಡು ನಿಮಿಷ ಬಿಡಿ. ರಿಮೋಟಿನಲ್ಲಿ ಆರಿಸಿದರೆ ಸಾಲದು, ಅದರಿಂದ ರೇಡಿಯೋ ಪೂರ್ತಿ ಆಫ್ ಆಗುವುದಿಲ್ಲ. ಮೊದಲು ಬಾರ್ ಹಾಕಿ, ಅದು ಎದ್ದು ಸದ್ದು ಮಾಡತೊಡಗಿದ ಮೇಲೆ ವೂಫರ್ ಹಾಕಿ. ಕರೆಂಟ್ ಬಂದಾಗ ವೂಫರ್ ಮೊದಲೇ ಎದ್ದು, ಬಾರ್ ಸಿಗದೆ ಹುಡುಕಿ ಬೇಸತ್ತು ಮಲಗಿದ್ದರೆ ಇಷ್ಟಕ್ಕೇ ಎದ್ದು ಬರುತ್ತದೆ.

ಬರದಿದ್ದರೆ ಪೇರಿಂಗ್. ಸ್ಯಾಮ್‌ಸಂಗ್‌ನ ಅನೇಕ ಬಾರ್‌ಗಳಲ್ಲಿ ಅದು ನಡೆಯುವ ಬಗೆಯನ್ನೇ ತೆಗೆದುಕೊಳ್ಳುತ್ತೇನೆ. ವೂಫರನ್ನು ಬಾರ್‌ನ ಒಂದು ಮೀಟರ್ ಒಳಗೆ ತನ್ನಿ. ಬಾರ್‌ನ ಪ್ಲಗ್ ಇರಲಿ, ಆದರೆ ರಿಮೋಟಿನಿಂದ ಅದನ್ನು ಆಫ್ ಮಾಡಿ. ವೂಫರಿನ ಹಿಂದೆ ಒಳಗೆ ತಗ್ಗಿದ ಒಂದು ಗುಂಡಿ ಇರುತ್ತದೆ, ಮೇಲೆ ID SET ಎಂದು ಬರೆದಿರುತ್ತದೆ. ಬೆರಳು ಹೋಗುವುದಿಲ್ಲ, ರೀಫಿಲ್ ತುದಿ ಬೇಕು. ಅದನ್ನು ಐದಾರು ಸೆಕೆಂಡ್ ಒತ್ತಿ ಹಿಡಿದರೆ ಕೆಂಪು ಆರಿ ನೀಲಿ ದೀಪ ಬೇಗಬೇಗ ಮಿಟುಕತೊಡಗುತ್ತದೆ. ವೂಫರ್ ಈಗ ಹಳೆಯ ಸಂಖ್ಯೆಯನ್ನು ಬದಿಗಿಟ್ಟು, ಹೊಸ ಗುರುತಿಗೆ ಕಿವಿ ತೆರೆದಿದೆ. ಆಮೇಲೆ ರಿಮೋಟಿನ ಮೇಲ್ಮುಖ ಬಾಣದ ಗುಂಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿಯಬೇಕು. ಬಾರ್‌ನ ಪುಟ್ಟ ಪರದೆಯಲ್ಲಿ ID SET ಎಂದು ಮೂಡಿ ಮರೆಯಾಗುತ್ತದೆ, ಬಾರ್ ತಾನಾಗಿ ಆನ್ ಆಗುತ್ತದೆ, ನೀಲಿ ದೀಪ ಮಿಟುಕುವುದು ನಿಲ್ಲಿಸುತ್ತದೆ. ಬಾರ್ ಆನ್ ಇರುವಾಗ ಇದೇ ಗುಂಡಿ ಬೇರೆ ಕೆಲಸ ಮಾಡುತ್ತದೆ. ಎಷ್ಟು ಒತ್ತಿದರೂ ಏನೂ ಆಗಲಿಲ್ಲ ಎನ್ನುವವರು ಹೆಚ್ಚಾಗಿ ಎಡವುವುದು ಇಲ್ಲಿ. ಬೇರೆ ಕಂಪನಿಗಳಲ್ಲಿ ಗುಂಡಿಯ ಹೆಸರು LINK, CONNECT, PAIRING ಹೀಗೆ ಏನಾದರೂ ಇರಬಹುದು, ರಿಮೋಟಿನ ಕೀಲಿ ಬೇರೆಯಾಗಬಹುದು. ಕೈಪಿಡಿ ಕಳೆದಿದ್ದರೆ ಬಾರ್‌ನ ಅಡಿಯಲ್ಲಿರುವ ಮಾದರಿ ಸಂಖ್ಯೆ ಹಾಕಿ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ವಿಡಿಯೋದಲ್ಲಿ ಯಾರೋ ತೋರಿಸುವುದು ಇನ್ನಾವುದೋ ಮಾದರಿಯದು. ಎರಡೂ ಕಡೆ ಗುಂಡಿ ಒತ್ತಿಸುವುದು ತೊಡಕು ಅನ್ನಿಸಬಹುದು, ಆದರೆ ಪಕ್ಕದ ಮನೆಯ ಬಾರ್ ನಿಮ್ಮ ವೂಫರನ್ನು ಹೊತ್ತೊಯ್ಯದಂತೆ ತಡೆಯುವುದು ಅದೇ.

ಹಿಂದಿನ ಸ್ಪೀಕರ್‌ಗಳ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಹಲವು ಸೆಟ್‌ಗಳಲ್ಲಿ ಆ ಸ್ಪೀಕರ್‌ಗಳಲ್ಲಿ ರೇಡಿಯೋ ಇರುವುದೇ ಇಲ್ಲ. ನಮ್ಮಲ್ಲಿ ಚೆನ್ನಾಗಿ ಮಾರಾಟವಾದ ಸೋನಿ ಎಚ್‌ಟಿ-ಎಸ್40ಆರ್ ನೋಡಿ: ಸೋಫಾ ಹಿಂದೆ ಒಂದು ಚಿಕ್ಕ ವೈರ್‌ಲೆಸ್ ಆಂಪ್ಲಿಫೈಯರ್ ಪೆಟ್ಟಿಗೆ, ಅದರಿಂದ ಎರಡು ಸ್ಪೀಕರಿಗೂ ವೈರ್. ಎರಡೂ ಒಟ್ಟಿಗೆ ನಿಂತರೆ ಪೆಟ್ಟಿಗೆಯ ದೀಪ ನೋಡಬೇಕು. ಒಂದೇ ನಿಂತರೆ ರೇಡಿಯೋವನ್ನು ದೂರುವಂತಿಲ್ಲ. ವೈರ್ ಕಳಚಿದೆ, ಇಲ್ಲವೇ ಇಲಿ ಕಡಿದಿದೆ. ಬಾರ್‌ನ ತುದಿಯಿಂದ ಕಳಚಿ ಹಿಂದಕ್ಕೆ ಒಯ್ಯುವ ಬ್ಯಾಟರಿ ಸ್ಪೀಕರ್‌ಗಳಾದರೆ ಚಾರ್ಜ್ ಮುಗಿದಿರಬಹುದು.

ದೀಪ ಸ್ಥಿರವಾಗಿ ಉರಿಯುತ್ತಲೇ ಇದ್ದು ಹಿಂದಿನಿಂದ ಸದ್ದೇ ಇಲ್ಲದಿದ್ದರೆ ಸಂಪರ್ಕ ಸರಿಯಿದೆ, ಕಳಿಸಲು ಸದ್ದೇ ಇಲ್ಲ ಎಂದರ್ಥ. ಕೇಬಲ್ ಟಿವಿಯ ವಾರ್ತೆ, ಯೂಟ್ಯೂಬಿನ ಹೆಚ್ಚಿನ ವಿಡಿಯೋ ಎರಡೇ ಚಾನಲ್‌ನ ಸ್ಟೀರಿಯೋ. ಹಿಂದಿನ ಸ್ಪೀಕರಿಗೆಂದು ಅದರಲ್ಲಿ ಏನೂ ಇರುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ PCM ಎಂದಿದ್ದರೆ 5.1 ಸಿನಿಮಾ ಕೂಡ ಸಾಮಾನ್ಯವಾಗಿ ಎರಡು ಚಾನಲ್ಲಿಗೆ ಇಳಿದು ಬಾರ್ ಸೇರುತ್ತದೆ. ಅದನ್ನು Auto ಅಥವಾ Pass Through ಮಾಡಿ, 5.1 ಇದೆಯೆಂದು ಗೊತ್ತಿರುವ ಒಂದು ಸಿನಿಮಾ ಹಾಕಿ ನೋಡಿ. ಅನೇಕ ಬಾರ್‌ಗಳಲ್ಲಿ ವೂಫರಿಗೆ, ರಿಯರ್‌ಗೆ ಪ್ರತ್ಯೇಕ ಲೆವೆಲ್ ಇದೆ. ಮಕ್ಕಳು ರಿಮೋಟ್ ಆಡಿಸುವಾಗ ಅದು ತೀರಾ ಕೆಳಗೆ ಇಳಿದಿರಲೂಬಹುದು.

ಒಂದು ಅಡಿ ದೂರದಲ್ಲಿಟ್ಟು, ರೂಟರ್ ಆರಿಸಿ, ನೇರ ಗೋಡೆಯ ಪ್ಲಗ್ಗಿನಿಂದ ಕರೆಂಟ್ ಕೊಟ್ಟು, ಕೈಪಿಡಿಯಂತೆ ಗುಂಡಿ ಒತ್ತಿದರೂ ದೀಪ ಸ್ಥಿರವಾಗದಿದ್ದರೆ ಎರಡರಲ್ಲೊಂದರ ರೇಡಿಯೋ ಮಾಡ್ಯೂಲ್ ಅಥವಾ ವೂಫರಿನ ಪವರ್ ಬೋರ್ಡ್ ಕೆಟ್ಟಿದೆ. ಆಗ ಸರ್ವಿಸ್ ಸೆಂಟರಿಗೆ ವೂಫರ್ ಒಂದನ್ನೇ ಹೊತ್ತುಕೊಂಡು ಹೋಗಬೇಡಿ, ಬಾರನ್ನೂ ರಿಮೋಟನ್ನೂ ಒಯ್ಯಿರಿ. ಜೋಡಿಯಿಲ್ಲದೆ ಅವರಿಗೆ ಯಾವ ಕಡೆ ತಪ್ಪು ಎಂದು ಹೇಳಲಾಗುವುದಿಲ್ಲ, ‘ಇಲ್ಲಿ ಸರಿಯಾಗೇ ಇದೆ ಸರ್’ ಎಂದು ವಾಪಸ್ ಕಳಿಸುತ್ತಾರೆ. ದೀಪದ ವಿಡಿಯೋ ತೋರಿಸಿದರೆ ಮಾತು ಕಡಿಮೆಯಾಗುತ್ತದೆ. ಬೋರ್ಡ್ ಬದಲಿಸಿದರೆ ಪೇರಿಂಗ್ ಅಲ್ಲೇ ಮಾಡಿಸಿ, ಹಾಡು ಹಾಕಿಸಿ ಕೇಳಿ ಹೊರಡಿ. ಹಳೆಯದು ಹೋಯಿತೆಂದು ಅದೇ ಕಂಪನಿಯ ಬೇರೆ ಮಾದರಿಯ ವೂಫರನ್ನು ಸೆಕೆಂಡ್‌ಹ್ಯಾಂಡ್ ತರುವ ಆಲೋಚನೆ ಇದ್ದರೆ ಮೊದಲು ಕೈಪಿಡಿಯಲ್ಲಿ ಮಾದರಿ ಸಂಖ್ಯೆ ತಾಳೆ ನೋಡಿ. ಸಾಮಾನ್ಯವಾಗಿ ಅವು ಒಂದರ ಮಾತನ್ನೊಂದು ಕೇಳುವುದಿಲ್ಲ. ಎಷ್ಟು ಹೊತ್ತು ರೀಫಿಲ್ ಒತ್ತಿ ಹಿಡಿದರೂ ದೀಪ ಮಿಟುಕುತ್ತಲೇ ಇರುತ್ತದೆ.